ಕಾನ್ಫರೆನ್ಸಿಗೆ ರೈಲು ಹತ್ತೋ ಮುಂಚೆನೇ ಮೀಟಿಂಗ್ ಫಿಕ್ಸ್ ಮಾಡ್ಕೊಳ್ಳೋದು ಹೇಗೆ: ಸಾಗರದ ಒಂದು ಉಪ್ಪಿನಕಾಯಿ ಯೂನಿಟ್ಟಿನ ಅನುಭವ

ನಮ್ಮ ಅತ್ತಿಗೆ ಸಾಗರದ ಹತ್ರ ಅಪ್ಪೆಮಿಡಿ ಉಪ್ಪಿನಕಾಯಿ ಯೂನಿಟ್ ನಡೆಸ್ತಾರೆ. ವರ್ಷಕ್ಕೆ ಸುಮಾರು 6 ಸಾವಿರ ಬಾಟ್ಲಿ, 400 ಗ್ರಾಮಿಂದು, ನಾಲ್ಕು ಜನ ಹೆಂಗಸ್ರು ಕೆಲಸಕ್ಕೆ ಬರ್ತಾರೆ. ಮೇಲ್ ನೋಡೋದು, ಬಿಲ್ ಮಾಡೋದು, ಫೋನಲ್ಲಿ ಇಂಗ್ಲಿಷ್ ಮಾತಾಡೋದು ಇದೆಲ್ಲ ನನ್ನ ಪಾಲಿಂದು. ಬೆಂಗಳೂರಲ್ಲಿ ಫುಡ್ ಪ್ರೊಸೆಸಿಂಗ್ ಕಾನ್ಫರೆನ್ಸ್ ಅಂತ ಎರಡು ದಿನ ಹೋಗ್ಬೇಕು ಅಂದ್ರೆ ರಿಜಿಸ್ಟ್ರೇಷನ್ ದುಡ್ಡು, ರೈಲು, ರೂಮು, ಅದರ ಮೇಲೆ ಎರಡು ದಿನ ಯೂನಿಟ್ ಬಂದ್. ಹಂಗಾಗಿ ಅಲ್ಲಿ ಹೋದ್ಮೇಲೆ ಯಾರು ಸಿಗ್ತಾರೋ ನೋಡಣ ಅಂತ ಹೋಗೋದು ನಮಗೆ ಆಗೋ ಮಾತಲ್ಲ. ಮೊದಲ ವರ್ಷ ಹಂಗೇ ಹೋಗಿದ್ವಿ, ನಲವತ್ತು ವಿಸಿಟಿಂಗ್ ಕಾರ್ಡ್ ತಂದ್ವಿ, ಅದರಲ್ಲಿ ಒಬ್ಬರ ಹತ್ರನೂ ವ್ಯವಹಾರ ಆಗಲಿಲ್ಲ. ಎರಡನೇ ವರ್ಷ ಕಾನ್ಫರೆನ್ಸಿನ ಆ್ಯಪಲ್ಲಿ ಅರವತ್ತು ಜನಕ್ಕೆ ಒಂದೇ ಮೆಸೇಜ್ ಕಳಿಸಿ ಕೂತಿದ್ದೆ, ಅದೂ ಕೆಲಸಕ್ಕೆ ಬರಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಮೂರನೇ ವರ್ಷ ಸರಿಯಾಗಿ ಕೂತು ಮಾಡಿದ್ವಿ. 740 ಜನ ಇರೋ ಪಟ್ಟಿಯಿಂದ 14 ಜನಕ್ಕೆ ಕೇಳಿ, 7 ಜನ ಒಪ್ಪಿ, 6 ಮೀಟಿಂಗ್ ನಡೀತು. ಆ ಸಲ ಏನೇನು ಮಾಡಿದ್ವಿ ಅನ್ನೋದನ್ನ ಮೊದಲಿಂದ ಬರೀತಿದೀನಿ. ನಿಮ್ಮದು ಅಡಿಕೆ ಹಾಳೆ ತಟ್ಟೆ ಇರಬಹುದು, ಜೇನು ಇರಬಹುದು, ಶಿವಮೊಗ್ಗದಲ್ಲಿ ಸಾಫ್ಟ್‌ವೇರ್ ಕಂಪನಿ ಇರಬಹುದು, ದಾರಿ ಹೆಚ್ಚು ಕಮ್ಮಿ ಇದೇ.

ಏನು ಬೇಕು ಅನ್ನೋದು ಮೊದಲು, ಪಟ್ಟಿ ಆಮೇಲೆ

ಪಟ್ಟಿ ತೆಗೆಯೋ ಮುಂಚೆ ಒಂದು ಹಾಳೆ ತಗೊಂಡು ಈ ವರ್ಷ ನಿಮಗೆ ಯಾವ ಮೂರು ವಿಷಯ ಬಗೆಹರಿಬೇಕು ಅಂತ ಬರ್ಕೊಳ್ಳಿ. ಮೂರೇ ಸಾಕು. ನಾನು ಅತ್ತಿಗೆನ ಕೇಳಿದಾಗ ಅವರು ಅಡುಗೆಮನೆಯಿಂದ ಒಂದು ಬಾಟ್ಲಿ ತಂದು ಮುಂದಿಟ್ರು. ಒಳಗಡೆ ಮಿಡಿ ಚೆನ್ನಾಗೇ ಇತ್ತು, ತೊಟ್ಟು ಸಮೇತ, ಸೊನೆ ಘಮ ಹಂಗೇ ಇತ್ತು, ಆದರೆ ತಗಡಿನ ಮುಚ್ಚಳದ ಒಳಗಡೆ ಅಂಚಿಗೆ ಸುತ್ತ ತುಕ್ಕಿನ ಗೆರೆ. ಉಪ್ಪು, ಹುಳಿ ಎರಡೂ ಸೇರಿ, ಮುಚ್ಚಳದ ಒಳಗಿನ ಲೇಪ ಎಲ್ಲಿ ಸ್ವಲ್ಪ ಕಿತ್ತಿದ್ಯೋ ಅಲ್ಲಿಂದ ತಿನ್ನಕ್ಕೆ ಶುರು ಮಾಡುತ್ತೆ. "ಮೊದಲು ಇದಕ್ಕೊಂದು ದಾರಿ ಆಗ್ಲಿ ಮಾರಾಯ, ಅಂಗಡಿ ಆಮೇಲೆ ನೋಡಣ" ಅಂದ್ರು. ಹಂಗಾಗಿ ನಮ್ಮ ಪಟ್ಟಿ ಹಿಂಗಾಯ್ತು: ಕಮ್ಮಿ ಸಂಖ್ಯೇಲೂ ಒಳ್ಳೆ ಲೇಪ ಇರೋ ಮುಚ್ಚಳ, ಬಾಟ್ಲಿ ಕೊಡೋ ಸಪ್ಲೈಯರ್ ಬೇಕು, ಬೆಂಗಳೂರಲ್ಲಿ ಒಂದು ಮಧ್ಯಮ ಸೈಜಿನ ಅಂಗಡಿ ಚೈನ್ ಬೇಕು, ಬಾಟ್ಲಿ ಮೇಲೆ ಎಷ್ಟು ತಿಂಗಳು ಬಾಳಿಕೆ ಅಂತ ಬರೀಬೇಕು ಅನ್ನೋದನ್ನ ಟೆಸ್ಟ್ ಮಾಡಿ ಹೇಳೋರು ಬೇಕು.

ಇಷ್ಟು ಬರ್ಕೊಂಡ್ರೆ ಒಂದು ವಿಷಯ ತಾನಾಗೇ ಗೊತ್ತಾಗುತ್ತೆ, ಈ ಮೂರು ತರದ ಜನ ಒಂದೇ ಪಟ್ಟಿಯಲ್ಲಿ ಇರಲ್ಲ.

ಪಟ್ಟಿ ಒಂದಲ್ಲ, ಮೂರು

ಜನ ಅಟೆಂಡೀ ಲಿಸ್ಟ್, ಅಂದ್ರೆ ಯಾರ್ಯಾರು ಬರ್ತಾರೆ ಅನ್ನೋ ಪಟ್ಟಿ, ಯಾವಾಗ ಬರುತ್ತೆ ಅಂತ ಕಾಯ್ತಾ ಕೂರ್ತಾರೆ. ಅದು ಬರೋದು ಎಲ್ಲಕ್ಕಿಂತ ಕೊನೆಗೆ, ಸಾಮಾನ್ಯವಾಗಿ ಆ್ಯಪ್ ಓಪನ್ ಆದ್ಮೇಲೆ, ಕಾರ್ಯಕ್ರಮಕ್ಕೆ ಎರಡು ಮೂರು ವಾರ ಇರೋವಾಗ, ಕೆಲವು ಸಲ ಒಂದೇ ವಾರ ಇರೋವಾಗ. ಆದರೆ ಸ್ಟಾಲ್ ಹಾಕೋರ ಪಟ್ಟಿ ವೆಬ್‌ಸೈಟಲ್ಲಿ ತುಂಬ ಮೊದಲೇ ಇರುತ್ತೆ, ಯಾಕಂದ್ರೆ ಅದನ್ನ ತೋರಿಸೇ ಆಯೋಜಕರು ಉಳಿದವರಿಗೆ ಟಿಕೆಟ್ ಮಾರೋದು. ಭಾಷಣಕಾರರ ಪಟ್ಟಿನೂ ಹಂಗೆ, ಯಾವ ದಿನ ಎಷ್ಟು ಗಂಟೆಗೆ ಯಾರ ಮಾತು ಅಂತ ಅಜೆಂಡಾದಲ್ಲೇ ಹಾಕಿರ್ತಾರೆ.

ನಮ್ಮ ಮುಚ್ಚಳದೋರು ಸ್ಟಾಲ್ ಪಟ್ಟಿಯಲ್ಲೇ ಸಿಕ್ಕಿದ್ರು, ಇನ್ನೂ ಐದು ವಾರ ಇತ್ತು ಆಗ. ಬಾಳಿಕೆ ಟೆಸ್ಟ್ ಬಗ್ಗೆ ಹೇಳೋರು ಭಾಷಣಕಾರರ ಪಟ್ಟಿಯಲ್ಲಿ, ಇಂಥ ಕಾರ್ಯಕ್ರಮಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ ತರದ ಆಹಾರ ಸಂಶೋಧನಾ ಸಂಸ್ಥೆಗಳಿಂದ ವಿಜ್ಞಾನಿಗಳು ಮಾತಾಡಕ್ಕೆ ಬರೋದುಂಟು. ಅಂಗಡಿ ಚೈನಿನೋರು ಮಾತ್ರ ಸ್ಟಾಲ್ ಹಾಕಲ್ಲ, ಮಾತಾಡೋದೂ ಅಪರೂಪ, ಸುಮ್ಮನೆ ಬಂದು ನೋಡ್ಕೊಂಡು ಹೋಗ್ತಾರೆ, ಅವರಿಗಾಗೇ ಅಟೆಂಡೀ ಪಟ್ಟಿ ಬೇಕಾಗೋದು. ಹಂಗಾಗಿ ಆ್ಯಪ್ ಬರೋದ್ರೊಳಗೆ ಅರ್ಧ ಕೆಲಸ ಮುಗಿಸಿಟ್ಕೊಳ್ಳಬಹುದು.

ಇಲ್ಲೇ ಒಂದು ಎಚ್ಚರಿಕೆ ಹೇಳ್ಬೇಕು. ರಿಜಿಸ್ಟರ್ ಮಾಡಿದ ಸ್ವಲ್ಪ ದಿನಕ್ಕೆ "ಈ ಕಾರ್ಯಕ್ರಮದ ಅಟೆಂಡೀ ಲಿಸ್ಟ್ ನಮ್ಮತ್ರ ಇದೆ, ಇಷ್ಟು ಸಾವಿರ ಹೆಸರು, ಮೇಲ್, ಫೋನ್ ನಂಬರ್ ಸಮೇತ, ಇಷ್ಟು ದುಡ್ಡಿಗೆ ಕೊಡ್ತೀವಿ" ಅಂತ ಮೇಲ್ ಬರುತ್ತೆ. ಆಯೋಜಕರ ಹೆಸರೇ ಹಾಕಿರ್ತಾರೆ, ಆದರೆ ಮೇಲ್ ಬಂದಿರೋ ವಿಳಾಸ ನೋಡಿದ್ರೆ ಬೇರೆ ಯಾವುದೋ ಆಗಿರುತ್ತೆ. ದಯವಿಟ್ಟು ತಗೋಬೇಡಿ. ಅದು ಎಲ್ಲಿಂದಲೋ ಗುಡಿಸಿ ತಂದ ಹಳೇ ಹೆಸರುಗಳು, ಇಲ್ಲ ದುಡ್ಡು ಹೋಗಿ ಏನೂ ಬರಲ್ಲ. ಇದೇ ಜನ ಹೋಟೆಲ್ ಬುಕ್ ಮಾಡಿಕೊಡ್ತೀವಿ ಅಂತಲೂ ಬರ್ತಾರೆ. ನಿಜವಾದ ಪಟ್ಟಿ ನಿಮ್ಮ ಲಾಗಿನ್ ಒಳಗಡೆ ಮಾತ್ರ ಇರುತ್ತೆ, ಅನುಮಾನ ಬಂದ್ರೆ ಆಯೋಜಕರ ವೆಬ್‌ಸೈಟಲ್ಲಿರೋ ನಂಬರಿಗೆ ಫೋನ್ ಮಾಡಿ ಕೇಳಿ.

ಆ್ಯಪ್ ಓಪನ್ ಆದ ದಿನ ಮಾಡೋ ಕೆಲಸ

ಹೂವಾ, ಬ್ರೆಲ್ಲಾ, ಸ್ವಾಪ್‌ಕಾರ್ಡ್, ಗ್ರಿಪ್ ಹಿಂಗೆ ಹಲವು ಆ್ಯಪ್ ಇದಾವೆ, ಆಯೋಜಕರು ಯಾವುದು ತಗೊಂಡಿದಾರೋ ಅದು. ಮುಖ ಬೇರೆ ಬೇರೆ, ಒಳಗಡೆ ಹೆಚ್ಚುಕಮ್ಮಿ ಒಂದೇ: ಜನರ ಪಟ್ಟಿ, ಅಜೆಂಡಾ, ಚಾಟ್, ಬಹಳಷ್ಟರಲ್ಲಿ ಮೀಟಿಂಗ್ ಕೇಳೋ ಬಟನ್.

ಲಾಗಿನ್ ಆಗ್ಬೇಕಾದ್ದು ರಿಜಿಸ್ಟರ್ ಮಾಡಿದ ಅದೇ ಮೇಲ್ ಐಡಿಯಿಂದ. ನಮ್ಮ ಕಡೆ ಇದೇ ದೊಡ್ಡ ತೊಂದರೆ, ಯಾಕಂದ್ರೆ ರಿಜಿಸ್ಟರ್ ಮಾಡೋದು ಸೈಬರ್ ಸೆಂಟರಲ್ಲಿ ಅಥವಾ ಮಗನ ಮೇಲಿಂದ, ಆಮೇಲೆ ತಮ್ಮ ಮೇಲ್ ಹಾಕಿದ್ರೆ ನಿಮ್ಮ ಹೆಸರೇ ಇಲ್ಲ ಅನ್ನುತ್ತೆ. ಅತ್ತಿಗೆ ಮನೇಲಿ ಮಳೆಗಾಲದಲ್ಲಿ ಕರೆಂಟು ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ಕೋಡ್ ಬರೋಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತೆ, ಹಂಗಾಗಿ ನಾನು ಸಾಗರ ಪೇಟೆಗೆ ಬಂದು ಕೂತೇ ಲಾಗಿನ್ ಮಾಡಿದ್ದು. ಒಳಗೆ ಹೋದ ತಕ್ಷಣ ಸೆಟ್ಟಿಂಗಲ್ಲಿ ಮೇಲ್ ನೋಟಿಫಿಕೇಷನ್ ಆನ್ ಮಾಡಿ. ಆ್ಯಪಿನ ನೋಟಿಫಿಕೇಷನ್ ನೆಟ್‌ವರ್ಕ್ ಇಲ್ದಾಗ ಬಂದು ಎಲ್ಲೋ ಕೆಳಗೆ ಹೋಗಿಬಿಡುತ್ತೆ, ಮೇಲ್ ಆದ್ರೆ ಯಾವಾಗ ನೋಡಿದ್ರೂ ಅಲ್ಲೇ ಇರುತ್ತೆ.

ಆಮೇಲೆ ಪ್ರೊಫೈಲ್. ಯಾರಿಗೇ ಮೆಸೇಜ್ ಕಳಿಸಿದ್ರೂ ಅವರು ಮೊದಲು ಒತ್ತೋದು ನಿಮ್ಮ ಹೆಸರನ್ನ, ಅಲ್ಲಿ ಫೋಟೋ ಇಲ್ಲ, ಕಂಪನಿ ಹೆಸರು ಮಾತ್ರ ಇದೆ ಅಂದ್ರೆ ಮುಂದೆ ಹೋಗಿಬಿಡ್ತಾರೆ. ಹುದ್ದೆ ಅನ್ನೋ ಜಾಗದಲ್ಲಿ "ಪ್ರೊಪ್ರೈಟರ್" ಅಂತ ಬರೆದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ನಾವು ಅಲ್ಲಿ "ಅಪ್ಪೆಮಿಡಿ ಉಪ್ಪಿನಕಾಯಿ ತಯಾರಕರು, ಸಾಗರ, ವರ್ಷಕ್ಕೆ 6 ಸಾವಿರ ಬಾಟ್ಲಿ" ಅಂತ ಹಾಕಿದ್ವಿ, ಪಟ್ಟಿ ನೋಡೋರಿಗೆ ಹೆಸರಿನ ಕೆಳಗಡೆನೇ ಅದು ಕಾಣುತ್ತೆ. ಏನು ಹುಡುಕ್ತಿದೀರಿ, ಏನು ಕೊಡ್ತೀರಿ ಅಂತ ಟಿಕ್ ಮಾಡೋ ಜಾಗ ಇರುತ್ತಲ್ಲ, ಅಲ್ಲಿ ಎಲ್ಲಾದಕ್ಕೂ ಟಿಕ್ ಮಾಡಬೇಡಿ. ಆ್ಯಪ್ ಇದರ ಮೇಲೇ ನಿಮಗೆ ಜನರನ್ನ ತೋರಿಸೋದು. ನಾನು ಎರಡನೇ ವರ್ಷ "ಮೆಷಿನರಿ" ಅನ್ನೋದಕ್ಕೂ ಟಿಕ್ ಮಾಡಿದ್ದೆ, ಎರಡು ವಾರ ಪೂರ್ತಿ ಪ್ಯಾಕಿಂಗ್ ಮೆಷಿನ್ ಮಾರೋರೇ ಬಂದ್ರು.

ಇನ್ನೊಂದು ಕೆಲಸ ಬಹಳ ಜನ ಬಿಟ್ಟೇಬಿಡ್ತಾರೆ. ಮೀಟಿಂಗ್ ಬುಕ್ ಮಾಡೋ ಆ್ಯಪುಗಳಲ್ಲಿ ಸಾಮಾನ್ಯವಾಗಿ ನೀವು ಏನೂ ಹೇಳದೇ ಇದ್ರೆ ಎರಡೂ ದಿನ ಬೆಳಗಿಂದ ಸಂಜೆ ತನಕ ನೀವು ಖಾಲಿ ಇದೀರಿ ಅಂತಲೇ ಎಲ್ಲರಿಗೂ ತೋರಿಸುತ್ತೆ. ಮಾರೋರು ಬಂದು ನಿಮ್ಮ ಒಳ್ಳೊಳ್ಳೆ ಟೈಮಿಗೆ ಕೇಳ್ತಾರೆ, ಮರ್ಯಾದೆಗೆ ಒಪ್ಕೊಂಡ್ರೆ ಆಮೇಲೆ ನಿಮಗೆ ಬೇಕಾದೋರಿಗೆ ಜಾಗ ಇರಲ್ಲ. ಹಂಗಾಗಿ ಮೊದಲೇ ಕ್ಯಾಲೆಂಡರಲ್ಲಿ ಬ್ಲಾಕ್ ಮಾಡಿ: ಮೊದಲ ದಿನದ ಮೊದಲ ಒಂದು ಗಂಟೆ, ಬ್ಯಾಡ್ಜ್ ತಗೊಳ್ಳೋ ಕ್ಯೂ ಇರುತ್ತೆ; ಊಟದ ಹೊತ್ತು; ನೀವು ಕೇಳಲೇಬೇಕು ಅನ್ನೋ ಭಾಷಣಗಳು; ಎರಡನೇ ದಿನ ಮಧ್ಯಾಹ್ನ 3ರ ಮೇಲೆ, ಆಗ ಅರ್ಧ ಜನ ಬ್ಯಾಗ್ ಎತ್ಕೊಂಡು ಹೊರಟಿರ್ತಾರೆ.

740ರಿಂದ 14ಕ್ಕೆ ಇಳಿಸೋದು

ಕಷ್ಟದ ಕೆಲಸ ಅಂದ್ರೆ ಇದೇ, ಒಂದು ಸಂಜೆ ಪೂರ್ತಿ ಬೇಕು. ಪಟ್ಟಿಯನ್ನ ಎಕ್ಸೆಲ್ ಆಗಿ ಇಳಿಸ್ಕೊಳ್ಳಕ್ಕೆ ಸಾಮಾನ್ಯವಾಗಿ ಬಿಡಲ್ಲ, ಬಿಡದೇ ಇರೋದೂ ಸರಿಯೇ. ಫೋನ್ ಬಿಟ್ಟು ಲ್ಯಾಪ್‌ಟಾಪಲ್ಲಿ ಅದೇ ಆ್ಯಪಿನ ವೆಬ್ ಪೇಜ್ ತೆಗೀರಿ, ಹುಡುಕೋದು ಬಹಳ ಸುಲಭ.

ಮೊದಲು ಫಿಲ್ಟರ್. ನಾನು ಕ್ಷೇತ್ರ ಅನ್ನೋ ಜಾಗದಲ್ಲಿ ರಿಟೇಲ್ ಅಂತ ಹಾಕಿದಾಗ 31 ಜನ ಬಂದ್ರು. ಆದರೆ ಫಿಲ್ಟರ್ ನಂಬ್ಕೊಂಡು ನಿಲ್ಲಬಾರದು, ಯಾಕಂದ್ರೆ ಜನ ತಮ್ಮ ಕ್ಷೇತ್ರ ತುಂಬಿರಲ್ಲ, ಇಲ್ಲಾ "ಇತರೆ" ಅಂತ ಹಾಕಿರ್ತಾರೆ. ಅದಕ್ಕೇ ಹುಡುಕೋ ಜಾಗದಲ್ಲಿ ಹುದ್ದೆಯ ಪದಗಳನ್ನ ಒಂದೊಂದಾಗಿ ಟೈಪ್ ಮಾಡಿದೆ: ಬೈಯರ್, ಸೋರ್ಸಿಂಗ್, ಕೆಟಗರಿ, ಪರ್ಚೇಸ್, ಮರ್ಚಂಡೈಸ್. ಕೆಟಗರಿ ಮ್ಯಾನೇಜರ್ ಅನ್ನೋರೇ ಅಂಗಡಿ ಚೈನುಗಳಲ್ಲಿ ಯಾವ ಉಪ್ಪಿನಕಾಯಿ ಶೆಲ್ಫಿಗೆ ಬರ್ಬೇಕು ಅಂತ ತೀರ್ಮಾನ ಮಾಡೋರು, ಮಾರ್ಕೆಟಿಂಗ್ ಹೆಡ್ ಅಲ್ಲ, ಸಿಇಒನೂ ಅಲ್ಲ. ದೊಡ್ಡ ಹುದ್ದೆಯೋರನ್ನ ಹಿಡಿದ್ರೆ ಕೆಲಸ ಬೇಗ ಆಗುತ್ತೆ ಅನ್ಕೊಂಡು ಎರಡನೇ ವರ್ಷ ಅಂಗಡಿ ಚೈನುಗಳಲ್ಲಿ ಬರೀ ಡೈರೆಕ್ಟರುಗಳಿಗೆ ಕಳಿಸಿದ್ದೆ, ಒಬ್ಬರೂ ಉತ್ತರ ಕೊಡಲಿಲ್ಲ. ಹಿಂಗೆ ಹುಡುಕಿ ಹುಡುಕಿ ಸ್ಟಾಲ್ ಪಟ್ಟಿ, ಭಾಷಣಕಾರರ ಪಟ್ಟಿ ಎಲ್ಲಾ ಸೇರಿ 85 ಹೆಸರಾಯ್ತು.

ಆ 85 ಜನರ ಪ್ರೊಫೈಲ್ ಒಂದೊಂದಾಗಿ ತೆಗೆದು ಓದಿದ್ವಿ, ಅತ್ತಿಗೆ ಪಕ್ಕದಲ್ಲೇ ಕೂತಿದ್ರು. ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಇಟ್ಕೊಂಡಿದ್ವಿ: ಇವರು ಎದುರಿಗೆ ಸಿಕ್ಕಿದ್ರೆ, ಇವರಿಗೆ ಮಾತ್ರ ಕೇಳಬಹುದಾದ ಒಂದು ಪ್ರಶ್ನೆ ನಮ್ಮತ್ರ ಇದ್ಯಾ? ಇಲ್ಲ ಅಂದ್ರೆ ಬಿಟ್ವಿ. ದೊಡ್ಡ ಸೂಪರ್‌ಮಾರ್ಕೆಟ್ ಚೈನಿನ ಒಬ್ಬರಿದ್ರು, ಹೆಸರು ನೋಡೇ ನನಗೆ ಆಸೆ ಆಯ್ತು, ಅತ್ತಿಗೆನೇ ಬೇಡ ಅಂದ್ರು. "ಅವರಿಗೆ ತಿಂಗಳಿಗೇ ಆರು ಸಾವಿರ ಬಾಟ್ಲಿ ಬೇಕಾಗುತ್ತೆ, ನಂದು ವರ್ಷಕ್ಕೆ ಆಗೋದೇ ಅಷ್ಟು, ಮಿಡಿ ಎಲ್ಲಿಂದ ತರ್ಲಿ? ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಯ್ದಿದ್ದೇ ವರ್ಷ ಪೂರ್ತಿಗೆ." ಸರಿಯಾದ ಮಾತು. ನಿಮ್ಮ ಅಳತೆಗೆ ಹೊಂದದೇ ಇರೋರನ್ನ ಈ ಹಂತದಲ್ಲೇ ತೆಗೆದ್ರೆ ಇಬ್ಬರ ಹದಿನೈದು ನಿಮಿಷನೂ ಉಳಿಯುತ್ತೆ.

ಇನ್ನೊಂದು ಗಮನಿಸಬೇಕಾದ್ದು, ಆ ವ್ಯಕ್ತಿ ಆ್ಯಪ್ ಬಳಸ್ತಿದಾರಾ ಅನ್ನೋದು. ಕೆಲವು ಕಡೆ ಆಯೋಜಕರು ರಿಜಿಸ್ಟರ್ ಆದ ಎಲ್ಲರ ಹೆಸರನ್ನೂ ಪಟ್ಟಿಗೆ ಸುರೀತಾರೆ, ಅವರಲ್ಲಿ ಎಷ್ಟೋ ಜನ ಒಮ್ಮೆನೂ ಲಾಗಿನ್ ಆಗಿರಲ್ಲ, ಅವರಿಗೆ ಕಳಿಸಿದ ಮೆಸೇಜ್ ಯಾರೂ ನೋಡದೇ ಬಿದ್ದಿರುತ್ತೆ. ಫೋಟೋ ಇದೆ, ತಾವೇ ಬರೆದ ಎರಡು ಸಾಲು ಇದೆ, ಆಸಕ್ತಿಗಳಿಗೆ ಟಿಕ್ ಮಾಡಿದಾರೆ ಅಂದ್ರೆ ಅವರು ಆ್ಯಪ್ ತೆಗೆದು ನೋಡಿದಾರೆ ಅಂತ ಅರ್ಥ. ಬರೀ ಹೆಸರು, ಕಂಪನಿ ಮಾತ್ರ ಇದ್ರೆ ಅವರಿಗೆ ಬೇರೆ ದಾರಿಯಲ್ಲಿ ಹೇಳ್ಬೇಕು.

ಕೊನೆಗೆ 14 ಜನ ಉಳಿದ್ರು. ಒಂದು ಗೂಗಲ್ ಶೀಟಲ್ಲಿ ಹೆಸರು, ಕಂಪನಿ, ನಮ್ಮ ಪ್ರಶ್ನೆ, ಕಳಿಸಿದ ತಾರೀಕು, ಏನಾಯ್ತು, ಟೈಮ್, ಜಾಗ ಇಷ್ಟೇ ಕಾಲಂ ಮಾಡ್ಕೊಂಡೆ. ಫೋನ್ ನಂಬರ್, ಮೇಲ್ ಎಲ್ಲಾ ಗುಡಿಸಿ ಹಾಕ್ಕೊಂಡು ಆಮೇಲೆ ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಮಾಡೋ ಆಲೋಚನೆ ಇದ್ರೆ ಬಿಟ್ಟುಬಿಡಿ. ಅವರು ಆ ವಿವರ ಕೊಟ್ಟಿದ್ದು ಈ ಕಾರ್ಯಕ್ರಮಕ್ಕೆ ಅಂತ, 2023ರ ಡೇಟಾ ರಕ್ಷಣೆ ಕಾಯ್ದೆಯ ಮೂಲ ಮಾತೂ ಅದೇ, ಯಾವ ಕೆಲಸಕ್ಕೆ ಒಪ್ಪಿಗೆ ಕೊಟ್ಟಿದಾರೋ ಅದಕ್ಕೇ ಬಳಸಬೇಕು ಅನ್ನೋದು.

ಮೆಸೇಜ್

ಎರಡನೇ ವರ್ಷ ನಾನು ಕಳಿಸಿದ್ದು ಇಷ್ಟು: "ನಮಸ್ಕಾರ, ನಾವು ಉತ್ತಮ ಗುಣಮಟ್ಟದ ಸಾಂಪ್ರದಾಯಿಕ ಉಪ್ಪಿನಕಾಯಿ ತಯಾರಕರು, ತಮ್ಮೊಂದಿಗೆ ವ್ಯವಹಾರದ ಸಾಧ್ಯತೆಗಳ ಬಗ್ಗೆ ಚರ್ಚಿಸಲು ಬಯಸುತ್ತೇವೆ." ಒಂದೇ ರಾತ್ರಿ ಅರವತ್ತು ಜನಕ್ಕೆ. ನಾಲ್ಕು ಜನ ಒಪ್ಪಿದ್ರು, ನಾಲ್ಕೂ ಜನ ನಮಗೇ ಏನಾದ್ರೂ ಮಾರಕ್ಕೆ ಬಂದೋರು. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯ್ತು, ಉತ್ತರ ಬಾರದೇ ಬಾಕಿ ಇರೋ ರಿಕ್ವೆಸ್ಟ್ ಇಷ್ಟೇ ಇರಬಹುದು ಅಂತ ಆಯೋಜಕರು ಮಿತಿ ಹಾಕಿದ್ರು, ಅದು ತುಂಬಿಹೋಗಿ, ಮಾರನೇ ವಾರ ನಿಜಕ್ಕೂ ಬೇಕಾದೋರು ಪಟ್ಟಿಗೆ ಸೇರಿದಾಗ ಅವರಿಗೆ ಕಳಿಸಕ್ಕೆ ಆಗಲಿಲ್ಲ. ನಿಮಗೂ ಹಂಗೆ ಆದ್ರೆ ಹಳೇ ರಿಕ್ವೆಸ್ಟುಗಳನ್ನ ನೀವೇ ಕ್ಯಾನ್ಸಲ್ ಮಾಡಿದ್ರೆ ಜಾಗ ಆಗುತ್ತೆ, ಇದು ನನಗೆ ತಡವಾಗಿ ಗೊತ್ತಾಯ್ತು.

ಮೂರನೇ ವರ್ಷ ಒಬ್ಬ ಕೆಟಗರಿ ಮ್ಯಾನೇಜರಿಗೆ ಕಳಿಸಿದ್ದು ಇಂಗ್ಲಿಷಲ್ಲಿ, ಕನ್ನಡದಲ್ಲಿ ಅದರ ಸಾರ ಇದು:

"ನಮಸ್ಕಾರ. ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡ್ತೀವಿ, ವರ್ಷಕ್ಕೆ 6 ಸಾವಿರ ಬಾಟ್ಲಿ. ನಿಮ್ಮ ಜಯನಗರದ ಅಂಗಡೀಲಿ ಆಂಧ್ರ, ಕೇರಳದ ಉಪ್ಪಿನಕಾಯಿ ನೋಡಿದೆ, ಮಲೆನಾಡಿಂದು ಕಾಣಲಿಲ್ಲ. ಒಂದು ಪ್ರಶ್ನೆ ಇದೆ: ಒಂದೇ ಐಟಂ ಇರೋ ಚಿಕ್ಕ ಸಪ್ಲೈಯರಿಂದ ನೀವು ನೇರವಾಗಿ ತಗೋತೀರಾ, ಇಲ್ಲ ಡಿಸ್ಟ್ರಿಬ್ಯೂಟರ್ ಮೂಲಕ ಬರ್ಬೇಕಾ? 15 ನಿಮಿಷ ಸಾಕು. ಮೊದಲ ದಿನ 11:45 ಅಥವಾ 3:30, ಬೆಂಗಳೂರು ಟೈಮ್, ಮೀಟಿಂಗ್ ಲೌಂಜಲ್ಲಿ. ಸ್ಯಾಂಪಲ್ ತರ್ತೀವಿ."

ಇದರಲ್ಲಿ ಪ್ರತಿ ಸಾಲಿಗೂ ಕಾರಣ ಇದೆ. ಬಾಟ್ಲಿ ಲೆಕ್ಕ ಮೊದಲೇ ಹೇಳಿದ್ರಿಂದ ಅವರಿಗೆ ನಮ್ಮ ಅಳತೆ ಗೊತ್ತಾಯ್ತು, ಆಮೇಲೆ ಎದುರಿಗೆ ಕೂತಾಗ ಬೇಜಾರಿಲ್ಲ. ಅಂಗಡಿ ನೋಡಿದೀವಿ ಅಂತ ಹೇಳಿದ್ದು ಸುಳ್ಳಲ್ಲ, ಬೆಂಗಳೂರಲ್ಲಿರೋ ನಮ್ಮ ಚಿಕ್ಕಮ್ಮನ ಮಗನ್ನ ಕಳಿಸಿ ಶೆಲ್ಫಿನ ಫೋಟೋ ತೆಗೆಸಿದ್ದೆ. ಪ್ರಶ್ನೆ ಎಂಥದ್ದು ಅಂದ್ರೆ ಅದಕ್ಕೆ ಅವರೇ ಉತ್ತರ ಕೊಡಬಹುದು, ಬೇಕಂದ್ರೆ ಮೀಟಿಂಗ್ ಇಲ್ದೇನೂ ಒಂದು ಸಾಲಲ್ಲಿ ಕೊಡಬಹುದು. ಒಬ್ಬರು ಹಂಗೇ ಮಾಡಿದ್ರು, "ನಾವು ಡಿಸ್ಟ್ರಿಬ್ಯೂಟರ್ ಮೂಲಕ ಮಾತ್ರ" ಅಂತ ಬರೆದು ಅವರ ಡಿಸ್ಟ್ರಿಬ್ಯೂಟರ್ ಯಾರು ಅಂತಲೂ ಹೇಳಿದ್ರು, ಆ ಡಿಸ್ಟ್ರಿಬ್ಯೂಟರೂ ಅದೇ ಪಟ್ಟಿಯಲ್ಲಿ ಇದ್ರು. ಎರಡು ಟೈಮ್ ಕೊಟ್ಟಿದ್ದು ಅವರಿಗೆ ಆರಿಸ್ಕೊಳ್ಳಕ್ಕೆ ಸುಲಭ ಆಗ್ಲಿ ಅಂತ, "ನಿಮಗೆ ಯಾವಾಗ ಅನುಕೂಲ" ಅಂತ ಕೇಳಿದ್ರೆ ಅವರು ಕ್ಯಾಲೆಂಡರ್ ತೆಗೀಬೇಕು, ಆಮೇಲೆ ನೋಡಣ ಅಂತ ಬಿಡ್ತಾರೆ. ಬೆಂಗಳೂರು ಟೈಮ್ ಅಂತ ಯಾಕೆ ಬರೀಬೇಕು ಅಂದ್ರೆ, ಕೆಲವು ಆ್ಯಪ್ ನೋಡೋರ ಫೋನಿನ ಟೈಮ್ ಪ್ರಕಾರ ತೋರಿಸುತ್ತೆ, ದುಬೈಯಲ್ಲಿ ಕೂತು ನೋಡೋರಿಗೆ ನಿಮ್ಮ 11:45 ಅನ್ನೋದು 10:15 ಆಗಿ ಕಾಣುತ್ತೆ, ಅದನ್ನೇ ನೆನಪಿಟ್ಕೊಂಡು ಬಂದುಬಿಟ್ರೆ ಇಬ್ಬರಿಗೂ ತೊಂದರೆ.

ಭಾಷಣಕಾರರಿಗೆ ಬೇರೆ ಲೆಕ್ಕ. ಅವರ ಮಾತು ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಅಜೆಂಡಾದಲ್ಲಿ ಇರುತ್ತೆ, ಅದು ಮುಗಿದ ಕೂಡಲೇ ಹತ್ತು ನಿಮಿಷ, ಅದೇ ಹಾಲಿನ ಬಾಗಿಲ ಹತ್ರ ಅಂತ ಕೇಳಿ. ಅವರು ಹೆಂಗೂ ಅಲ್ಲೇ ಇರ್ತಾರೆ, ಹೆಚ್ಚಾಗಿ ಒಪ್ತಾರೆ. ಸ್ಟಾಲಿನೋರಿಗೆ ಕೇಳೋವಾಗ "ಸ್ಟಾಲಿಗೆ ಬರ್ತೀವಿ" ಅಂದ್ರೆ ಸಾಲಲ್ಲ, ಅಲ್ಲಿ ನಿಂತಿರೋ ಹುಡುಗನಿಗೆ ಬ್ರೋಶರ್ ಕೊಡೋದು ಮಾತ್ರ ಗೊತ್ತಿರುತ್ತೆ. ನಾವು ಮುಚ್ಚಳದೋರಿಗೆ ತುಕ್ಕು ಹಿಡಿದ ಮುಚ್ಚಳದ ಫೋಟೋ ಕಳಿಸಿ, "ಇದರ ಲೇಪದ ಬಗ್ಗೆ ಗೊತ್ತಿರೋ ನಿಮ್ಮ ಟೆಕ್ನಿಕಲ್ ವ್ಯಕ್ತಿ ಯಾವ ದಿನ ಸ್ಟಾಲಲ್ಲಿ ಇರ್ತಾರೆ" ಅಂತ ಕೇಳಿದ್ವಿ. ಎರಡನೇ ದಿನ ಬೆಳಿಗ್ಗೆ ಮಾತ್ರ ಅಂತ ಉತ್ತರ ಬಂತು. ಕೇಳದೇ ಮೊದಲ ದಿನ ಹೋಗಿದ್ರೆ ಬ್ರೋಶರ್ ಹಿಡ್ಕೊಂಡೇ ವಾಪಸ್ ಬರ್ತಿದ್ವಿ.

ಉತ್ತರ ಬರದೇ ಇದ್ರೆ

ನಾಲ್ಕು ದಿನ ಕಾದು ಒಂದೇ ಒಂದು ಸಲ ನೆನಪಿಸಿ, ಹಳೇ ಮೆಸೇಜನ್ನೇ ಮತ್ತೆ ಹಾಕದೇ ಒಂದು ಹೊಸ ವಿಷಯ ಸೇರಿಸಿ. ನಾವು ಲೇಬಲ್ಲಿನ ಫೋಟೋ ಕಳಿಸಿದ್ವಿ. ಆ್ಯಪೇ ನೋಡ್ತಿಲ್ಲ ಅನ್ನಿಸಿದ್ರೆ ಲಿಂಕ್ಡ್‌ಇನಲ್ಲಿ ಅದೇ ವ್ಯಕ್ತಿಗೆ ಎರಡು ಸಾಲು ಬರೀರಿ, ಫ್ರೀ ಅಕೌಂಟಲ್ಲಿ ತಿಂಗಳಿಗೆ ಕೆಲವೇ ಜನಕ್ಕೆ ಟಿಪ್ಪಣಿ ಸಮೇತ ಕಳಿಸಕ್ಕೆ ಬಿಡೋದು, ಹಂಗಾಗಿ ಬೇಕಾದೋರಿಗೇ ಉಳಿಸ್ಕೊಳ್ಳಿ. ಅದಾದ್ಮೇಲೂ ಇಲ್ಲ ಅಂದ್ರೆ ಆಯೋಜಕರ ಹೆಲ್ಪ್‌ಡೆಸ್ಕಿಗೆ ಬರೆದು ಇಂಥವರನ್ನ ಪರಿಚಯ ಮಾಡಿಸ್ತೀರಾ ಅಂತ ಕೇಳಬಹುದು, ಹತ್ತು ಜನರ ಪಟ್ಟಿ ಕೊಟ್ರೆ ಅವರಿಗೆ ಸಿಟ್ಟು ಬರುತ್ತೆ, ಒಬ್ಬರು ಇಬ್ಬರಿಗೆ ಕೇಳಿದ್ರೆ ಮಾಡಿಕೊಡ್ತಾರೆ. ನಮಗೆ ಒಂದು ಮೀಟಿಂಗ್ ಹಂಗೇ ಆಗಿದ್ದು.

ನಿಮ್ಮನ್ನ ಕೇಳಿ ಬಂದಿರೋ ರಿಕ್ವೆಸ್ಟುಗಳಿಗೂ ಉತ್ತರ ಕೊಡಿ. ಬೇಡದೇ ಇದ್ರೆ ಬೇಡ ಅಂತ ಒತ್ತಿ, ಸುಮ್ಮನೆ ಬಿಟ್ರೆ ಕೆಲವು ಆ್ಯಪಲ್ಲಿ ಆ ಟೈಮ್ ಹಿಡಿದಿಟ್ಟಂಗೇ ಇರುತ್ತೆ, ಬೇರೆಯವರಿಗೆ ನೀವು ಬಿಜಿ ಅಂತ ತೋರಿಸುತ್ತೆ.

ಟೈಮ್, ಜಾಗ

ಕಾರ್ಯಕ್ರಮ ಇದ್ದಿದ್ದು ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ. ರಾತ್ರಿ ರೈಲಿಗೆ ಸಾಗರ ಜಂಬಗಾರಲ್ಲಿ ಹತ್ತಿ, ಯಶವಂತಪುರದ ಹತ್ರ ರೂಮಲ್ಲಿ ಸ್ನಾನ ಮುಗಿಸಿ ಹಸಿರು ಮೆಟ್ರೋದಲ್ಲಿ ಮಾದಾವರಕ್ಕೆ ಹೋದ್ರೆ ಅಲ್ಲೇ ಪಕ್ಕ. 2024ರ ನವೆಂಬರಲ್ಲಿ ಆ ಮೆಟ್ರೋ ಶುರು ಆದ್ಮೇಲೆ ಟ್ರಾಫಿಕ್ ಲೆಕ್ಕ ಹಾಕೋದು ತಪ್ಪಿದೆ. ಆದ್ರೂ ಮೊದಲ ಮೀಟಿಂಗ್ 11:45ಕ್ಕಿಂತ ಮುಂಚೆ ಇಟ್ಕೊಳ್ಳಲಿಲ್ಲ.

ಅರ್ಧ ದಿನಕ್ಕೆ ಎರಡೇ ಮೀಟಿಂಗ್, ಮಧ್ಯ ಕನಿಷ್ಠ ಅರ್ಧ ಗಂಟೆ. ಹಾಲುಗಳು ದೊಡ್ಡವು, ಒಂದು ಹಾಲಿನ ಮೂಲೆಯಿಂದ ಇನ್ನೊಂದಕ್ಕೆ ನಡೆಯೋದ್ರಲ್ಲೇ ಹತ್ತು ನಿಮಿಷ ಹೋಗುತ್ತೆ, ಮಧ್ಯ ಯಾರಾದ್ರೂ ಪರಿಚಯದೋರು ಸಿಕ್ಕಿ ನಿಲ್ಲಿಸ್ತಾರೆ. ಇನ್ನು ಜಾಗದ ವಿಷಯ. ನಮ್ಮ ಏಳರಲ್ಲಿ ಒಂದು ಮೀಟಿಂಗ್ ತಪ್ಪಿದ್ದು ಜಾಗದಿಂದಲೇ. ಆ್ಯಪ್ ತಾನಾಗೇ ಟೇಬಲ್ 14 ಅಂತ ಕೊಟ್ಟಿತ್ತು, ನಾವು ಅಲ್ಲಿ ಕಾದ್ವಿ, ಅವರು ತಮ್ಮ ಕಂಪನಿ ಸ್ಟಾಲಲ್ಲೇ ನಮಗೆ ಕಾಯ್ತಾ ಇದ್ರು, ಒಳಗಡೆ ನೆಟ್‌ವರ್ಕ್ ಸಿಗ್ದೇ ಚಾಟ್ ಹೋಗಲಿಲ್ಲ. ಆಮೇಲೆ ಕಲಿತಿದ್ದು: ಎರಡು ದಿನ ಮುಂಚೆ ಒಂದೊಂದು ಮೀಟಿಂಗಿಗೂ "ಮಂಗಳವಾರ 11:45, ಹಾಲ್ 2ರ ಮೀಟಿಂಗ್ ಲೌಂಜ್, ಟೇಬಲ್ 14, ನಾನು ಹಸಿರು ಚೀಲ ಹಿಡ್ಕೊಂಡಿರ್ತೀನಿ, ಫೋನ್ ಇದು" ಅಂತ ಬರೆದು, ಅವರ ನಂಬರೂ ಕೇಳಿಟ್ಕೊಳ್ಳಿ. ಒಪ್ಪಿದ ಮೀಟಿಂಗನ್ನ ಫೋನಿನ ಕ್ಯಾಲೆಂಡರಿಗೂ ಹಾಕಿ, ಪೂರ್ತಿ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಒಂದು ಚೀಟೀಲೂ ಬರ್ಕೊಳ್ಳಿ. ಅತ್ತಿಗೆ ಚೀಟಿ ನೋಡೇ ಓಡಾಡಿದ್ದು, ಫೋನ್ ಚಾರ್ಜು ಮಧ್ಯಾಹ್ನಕ್ಕೇ ಮುಗಿದಿತ್ತು.

ಚೀಟಿಯ ಹಿಂದೆ ಒಬ್ಬೊಬ್ಬರಿಗೂ ಕೇಳಬೇಕಾದ ಆ ಒಂದು ಪ್ರಶ್ನೆ ಬರೆದಿತ್ತು, ಕೂತ ಎರಡು ನಿಮಿಷದಲ್ಲಿ ಅದನ್ನೇ ಕೇಳಿದ್ರು. ಅಂಗಡಿಯೋರ ಹತ್ರ ಮಾತು ಹದಿನೈದು ನಿಮಿಷದಲ್ಲಿ ಮುಗೀತು, ಮೊದಲು ಎರಡು ಅಂಗಡಿಗೆ ಇನ್ನೂರು ಬಾಟ್ಲಿ ಕಳಿಸಿ ನೋಡಣ ಅಂತಾಯ್ತು. ಬಾಳಿಕೆ ಟೆಸ್ಟಿಗೆ ಎಷ್ಟು ಬಾಟ್ಲಿ, ಯಾವ ಸ್ಥಿತೀಲಿ ಕಳಿಸಬೇಕು ಅಂತ ವಿಜ್ಞಾನಿಯವರು ಹಾಲಿನ ಬಾಗಿಲಲ್ಲೇ ನಿಂತು ಬರೆದುಕೊಟ್ರು.

ಮುಚ್ಚಳದೋರ ಸ್ಟಾಲಲ್ಲಿ ಅತ್ತಿಗೆ ಚೀಲದಿಂದ ಆ ತುಕ್ಕು ಹಿಡಿದ ಬಾಟ್ಲಿ ತೆಗೆದು ಟೇಬಲ್ ಮೇಲಿಟ್ರು. ಟೆಕ್ನಿಕಲ್‌ನೋರು ಮುಚ್ಚಳ ತಿರುಗಿಸಿ, ಅಂಚಿನಲ್ಲಿ ಉಗುರಿಂದ ಕೆರೆದು ನೋಡಿ, "ಇದು ಉಪ್ಪಿನಕಾಯಿಗೆ ಮಾಡಿದ ಮುಚ್ಚಳ ಅಲ್ಲಮ್ಮ, ಜಾಮಿಗೆ ಮಾಡಿದ್ದು, ನಿಮಗೆ ಬೇರೆ ಲೇಪ ಬೇಕು" ಅಂದ್ರು. ಎರಡು ವಾರಕ್ಕೆ ಇನ್ನೂರು ಸ್ಯಾಂಪಲ್ ಮುಚ್ಚಳ ಸಾಗರದ ಬಸ್ ಪಾರ್ಸಲಿಗೆ ಬಂತು, ಅದರಲ್ಲಿ ಹಾಕಿದ ಬಾಟ್ಲಿಗಳನ್ನ ಅಟ್ಟದ ಮೇಲೆ ತಾರೀಕು ಬರೆದು ಇಟ್ಟಿದೀವಿ, ತಿಂಗಳಿಗೊಂದು ತೆಗೆದು ನೋಡ್ತಿದೀವಿ.